ತಿಂಗಳ ವರದಿಗೆ ಅಂಕಿ ಬೇಕು

ಕೊಲ್ಲಿ ನಾಡಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಕಾಸರಗೋಡಿನಲ್ಲಿ ಬಾಡಿಗೆಯ ಫ್ಲಾಟ್ ಇದೆ. ಬಾಡಿಗೆದಾರರು ಬಿಟ್ಟುಹೋದ ಮೇಲೆ, ಅದನ್ನು ನೋಡಿಕೊಳ್ಳುವವರಿಂದ ‘ಮನೆ ಖಾಲಿ, ಎಲ್ಲ ಕ್ಷೇಮ’ ಎಂದು ತಿಂಗಳ ವರದಿ ಬರುತ್ತಿತ್ತು. ಆದರೆ ಎರಡು ತಿಂಗಳ ವಿದ್ಯುತ್ ಬಿಲ್ಲಿನಲ್ಲಿ 96 ಯೂನಿಟ್ ಖರ್ಚು ಕಂಡಿತು. ಗುಟ್ಟಾಗಿ ಯಾರನ್ನೋ ಇರಿಸಿದ್ದಾರೆಂದು ಆತ ಸಿಟ್ಟಾದ. ಹೋಗಿ ನೋಡಿದರೆ, ಬಚ್ಚಲಿನ ಗೀಸರಿನ ಸ್ವಿಚ್ಚನ್ನು ಯಾರೂ ಆರಿಸಿರಲಿಲ್ಲ!

ಇಲ್ಲಿ ‘ಕ್ಷೇಮ’ ಎಂಬ ಒಂದೇ ಮಾತಿಗೆ ತೃಪ್ತನಾದ ಯಜಮಾನನ ತಪ್ಪೂ ಇದೆ. ವರದಿಯೊಡನೆ ಪ್ರತಿ ತಿಂಗಳ ಒಂದನೇ ತಾರೀಕಿನ ಮೀಟರಿನ ಫೋಟೋ ತರಿಸಿಕೊಳ್ಳಬೇಕು. ಮೈನ್ ಸ್ವಿಚ್ ಆರಿಸಿದ ಖಾಲಿ ಮನೆಯಲ್ಲಿ ಅಂಕಿ ಕದಲಬಾರದು. ಕದಲಿದರೆ ಮೊದಲು ಕಾರಣ ಕೇಳಲಿ, ಆರೋಪ ಆಮೇಲೆ. ನೋಡಿಕೊಳ್ಳುವವರು ಪ್ರಾಮಾಣಿಕರಾದರೆ ಆ ಅಂಕಿಯೇ ಅವರ ಸಾಕ್ಷಿ.