ಉಬ್ಬೆಗೆ ಬಿದ್ದ ಟೆರಿಕಾಟ್ ಲಂಗ

ಕಳೆದ ತಿಂಗಳು ನಮ್ಮ ಮನೆಯಲ್ಲೊಂದು ಸಣ್ಣ ಅವಘಡವಾಯಿತು. ಮೊಮ್ಮಗನಿಗೆ ಜ್ವರ ಬಿಟ್ಟ ಮೇಲೆ ಅವನ ಬಟ್ಟೆಗಳನ್ನೆಲ್ಲ ಸೊಸೆ ಬಟ್ಟೆ ಒಗೆಯುವ ಯಂತ್ರಕ್ಕೆ ಹಾಕಿ, ಸೋಂಕು ಹೋಗಲಿ ಎಂದು 90 ಡಿಗ್ರಿಯ ಬಿಸಿನೀರಿಗೆ ಗುಂಡಿ ತಿರುಗಿಸಿದಳು. ಹತ್ತಿಯ ಬನಿಯನ್ನುಗಳು ಬೆಳ್ಳಗೆ ಹೊರಬಂದವು. ಶಾಲೆಯ ಪಾಲಿಯೆಸ್ಟರ್ ಪ್ಯಾಂಟು ಮಾತ್ರ ಮುದುರಿ ಎಸೆದ ಕಾಗದವನ್ನು ಬಿಡಿಸಿದಂತೆ ಕಾಣುತ್ತಿತ್ತು. ಎರಡು ಬಾರಿ ಇಸ್ತ್ರಿ ಮಾಡಿದರೂ ಗೆರೆಗಳು ಹೋಗಲಿಲ್ಲ. "ಮಾವ, ಇದೇನು ಬಟ್ಟೆಯೋ, ಮೊಂಡು ಹಿಡಿದುಕೊಂಡು ಕೂತಿದೆ" ಎಂದಳು. ಆ ಪ್ಯಾಂಟನ್ನು ಕೈಯಲ್ಲಿ ಹಿಡಿದಾಗ ನನಗೆ ನೆನಪಾದದ್ದು 1982ರ ಒಂದು ಸೋಮವಾರದ ಬೆಳಗಿನ ಪ್ರಾರ್ಥನೆ.

ನಾನಾಗ ತುಮಕೂರು ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ನೆರಿಗೆಯ ನೀಲಿ ಲಂಗವನ್ನು ಅಡ್ಡಾದಿಡ್ಡಿ ಸುಕ್ಕುಗಳೊಂದಿಗೆ ತೊಟ್ಟು ಸಾಲಿನಲ್ಲಿ ನಿಂತಿದ್ದಳು. ಹಿಂದಿನ ವಾರವಷ್ಟೆ ಸಮವಸ್ತ್ರ ಶುಚಿಯಾಗಿರಬೇಕೆಂದು ನಾನು ಉಪದೇಶ ಮಾಡಿದ್ದೆ. ಕಾರಣ ಕೇಳಿದಾಗ ಆಕೆ, "ಕಜ್ಜಿ ಆಗಿತ್ತು ಸಾರ್, ಅಮ್ಮ ಬಟ್ಟೆ ಎಲ್ಲಾ ಉಬ್ಬೆ ಹಾಕಿದ್ಲು. ಇಸ್ತ್ರಿ ಹಾಕಿದ್ರೂ ಹೋಗ್ಲಿಲ್ಲ" ಎಂದಳು. ಇಸ್ತ್ರಿಗೆ ಹೋಗದ ಸುಕ್ಕು ಎಲ್ಲಿದೆ ಎಂದು ನಾನು ಗದರಿದೆ. ಸುಳ್ಳಾಡಬೇಡ ಎಂದು ಮೊದಲ ಪಾಠ ಮುಗಿಯುವವರೆಗೆ ಹೊರಗೆ ನಿಲ್ಲಿಸಿದೆ. ಅದೇ ವರ್ಷ ನಾನು ಹತ್ತನೆಯ ತರಗತಿಗೆ ಬಿಸಿಗೆ ಮೆದುವಾಗಿ ತಣಿದಾಗ ಗಟ್ಟಿಯಾಗುವ ಪ್ಲಾಸ್ಟಿಕ್ಕುಗಳ ಪಾಠ ಮಾಡುತ್ತಿದ್ದೆ. ಬಕೆಟ್ಟು, ಬಾಚಣಿಗೆಗಳ ಉದಾಹರಣೆ ಕೊಟ್ಟೆನೇ ಹೊರತು ಆ ಹುಡುಗಿ ತೊಟ್ಟ ಲಂಗವೂ ಅದೇ ಜಾತಿಯದೆಂದು ನನಗೆ ಹೊಳೆಯಲಿಲ್ಲ.

ಆಕೆ ಹೇಳಿದ್ದು ಅಕ್ಷರಶಃ ನಿಜ. ಅದನ್ನು ಈಗ ವಿವರವಾಗಿ ಬರೆಯುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಮೊದಲು ಹತ್ತಿಯ ಸ್ವಭಾವವನ್ನು ನೋಡೋಣ. ಹತ್ತಿಯ ಎಳೆಯೊಳಗಿನ ಉದ್ದುದ್ದ ಅಣುಗಳು ಒಂದನ್ನೊಂದು ಜಲಜನಕದ ದುರ್ಬಲ ಬಂಧಗಳಿಂದ ಹಿಡಿದುಕೊಂಡಿರುತ್ತವೆ. ನೀರು ಒಳಹೊಕ್ಕರೆ ಆ ಹಿಡಿತ ಸಡಿಲುತ್ತದೆ, ಒಣಗುವಾಗ ಬಟ್ಟೆ ಯಾವ ಆಕಾರದಲ್ಲಿದೆಯೋ ಆ ಆಕಾರದಲ್ಲಿ ಹಿಡಿತ ಮತ್ತೆ ಕೂಡುತ್ತದೆ. ಆದುದರಿಂದ ಹತ್ತಿಯ ಪಂಚೆ ಸುಲಭವಾಗಿ ಸುಕ್ಕಾಗುತ್ತದೆ, ನೀರು ಚಿಮುಕಿಸಿ ಇಸ್ತ್ರಿ ಎಳೆದರೆ ಅಷ್ಟೇ ಸುಲಭವಾಗಿ ನೇರವಾಗುತ್ತದೆ. ನಮ್ಮ ಅಗಸರು ತಲೆಮಾರುಗಳಿಂದ ಬಟ್ಟೆಯನ್ನು ಚೌಳುಮಣ್ಣಿನಲ್ಲಿ ನೆನೆಸಿ ಹಬೆಯಲ್ಲಿ ಉಬ್ಬೆ ಹಾಕಿದ್ದು ಇಂಥ ಬಟ್ಟೆಯನ್ನೇ. ಅದಕ್ಕೆ ಕುದಿನೀರಿನಿಂದ ಅಪಾಯವಿಲ್ಲ.

ಪಾಲಿಯೆಸ್ಟರಿನ ಸಂಗತಿ ಇದಕ್ಕೆ ವಿರುದ್ಧ. ಇಂಗ್ಲೆಂಡಿನಲ್ಲಿ 1941ರಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ರಸಾಯನ ವಿಜ್ಞಾನಿಗಳು ಕಂಡುಹಿಡಿದ ಈ ನೂಲು ನಮ್ಮಲ್ಲಿ ಟೆರಿಲಿನ್ ಎಂಬ ಹೆಸರಿನಿಂದ ಮನೆಮಾತಾಯಿತು. ಇದು ನೀರನ್ನು ಹೆಚ್ಚುಕಡಿಮೆ ಹೀರುವುದೇ ಇಲ್ಲ. ನೂರು ಗ್ರಾಂ ನೂಲು ಸಾಧಾರಣ ಹವೆಯಲ್ಲಿ ಹಿಡಿದಿಡುವ ತೇವ ಅರ್ಧ ಗ್ರಾಮಿಗೂ ಕಡಿಮೆ. ಆದ್ದರಿಂದ ತಣ್ಣೀರು ಇದರ ಅಣುಗಳನ್ನು ಅಲುಗಿಸಲಾರದು, ಬಿಸಿ ಮಾತ್ರ ಅಲುಗಿಸಬಲ್ಲದು. ಸುಮಾರು 70ರಿಂದ 80 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಎಳೆಯೊಳಗಿನ ಅಸ್ತವ್ಯಸ್ತ ಭಾಗದ ಅಣುಗಳಿಗೆ ಅಲ್ಲಾಡುವ ಸ್ವಾತಂತ್ರ್ಯ ಬರುತ್ತದೆ. ಇದನ್ನು ಗ್ಲಾಸ್ ಟ್ರಾನ್ಸಿಷನ್ ಎನ್ನುತ್ತಾರೆ. ಕರಗುವುದು 255 ಡಿಗ್ರಿಯ ಮೇಲೆ, ಆದ್ದರಿಂದ ಕಣ್ಣಿಗೆ ಏನೂ ಆದಂತೆ ತೋರುವುದಿಲ್ಲ. ಈ ಸಡಿಲ ಸ್ಥಿತಿಯಲ್ಲಿ ಬಟ್ಟೆ ಮಡಿಸಿಕೊಂಡಿದ್ದರೆ ಅಣುಗಳು ಆ ಮಡಿಕೆಗೆ ಹೊಂದಿಕೊಂಡು ಕುಳಿತುಬಿಡುತ್ತವೆ. ಹಾಗೆಯೇ ತಣಿದರೆ ಮಡಿಕೆ ಒಳಗೇ ಬೀಗ ಹಾಕಿಕೊಳ್ಳುತ್ತದೆ.

ಗಿರಣಿಗಳು ಈ ಗುಣವನ್ನು ಬೇಕೆಂದೇ ಬಳಸಿಕೊಳ್ಳುತ್ತವೆ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಕೆಲಸ ಮಾಡುವ ನನ್ನ ಹಳೆಯ ಶಿಷ್ಯನೊಬ್ಬ ಸ್ಟೆಂಟರ್ ಎಂಬ ಉದ್ದನೆಯ ಯಂತ್ರವನ್ನು ತೋರಿಸಿದ್ದ. ಬಟ್ಟೆಯ ಎರಡೂ ಅಂಚುಗಳನ್ನು ಸೂಜಿಗಳು ಬಿಗಿಯಾಗಿ ಹಿಡಿದುಕೊಂಡು 180ರಿಂದ 200 ಡಿಗ್ರಿಯ ಬಿಸಿಗಾಳಿಯ ಮೂಲಕ ಒಯ್ಯುತ್ತವೆ. ಅದು ಒಳಗಿರುವುದು ಅರ್ಧ ನಿಮಿಷದಿಂದ ಒಂದು ನಿಮಿಷ. ಆಮೇಲೆ ಸೂಜಿಗಳು ಬಿಡುವ ಮುನ್ನವೇ ತಣಿಸುತ್ತಾರೆ. ಅಷ್ಟು ಬಿಸಿಯಲ್ಲಿ ಎಳೆಯೊಳಗಿನ ಚಿಕ್ಕ ಹರಳುಗಳು ಕರಗಿ ದೊಡ್ಡ ಹರಳುಗಳಾಗಿ ಮತ್ತೆ ಕಟ್ಟಿಕೊಳ್ಳುವುದರಿಂದ ಆ ಆಕಾರ ಬಹುಕಾಲ ನಿಲ್ಲುತ್ತದೆ. "ಹಿಡಿದಿಟ್ಟು ತಣಿಸುವುದೇ ಮುಖ್ಯ ಸಾರ್, ಬಿಸಿಯಲ್ಲಿ ಬಿಟ್ಟರೆ ಎಲ್ಲಾ ಹಾಳು" ಎಂದು ಅವನು ಹೇಳಿದ ಮಾತಿನಲ್ಲಿ ಇಡೀ ಪಾಠ ಅಡಗಿದೆ. ಸಿದ್ಧ ಲಂಗದ ನೆರಿಗೆ ಎಷ್ಟು ಒಗೆದರೂ ನಿಲ್ಲುವುದು ಹೀಗೆ ಬಿಸಿಯಲ್ಲಿ ಕೂರಿಸಿದ್ದರಿಂದ.

ಈಗ ಆ ತಾಯಿ ಮಾಡಿದ್ದನ್ನು ಹೆಜ್ಜೆ ಹೆಜ್ಜೆಯಾಗಿ ನೋಡಿ. ಟೆರಿಕಾಟಿನಲ್ಲಿ ಸಾಮಾನ್ಯವಾಗಿ ಮೂರರಲ್ಲಿ ಎರಡು ಪಾಲು ಪಾಲಿಯೆಸ್ಟರ್, ಒಂದು ಪಾಲು ಹತ್ತಿ. ಲಂಗವನ್ನು ಇತರ ಬಟ್ಟೆಗಳೊಂದಿಗೆ ಹಂಡೆಯೊಳಗೆ ತುರುಕಿ ಆಕೆ ಕುದಿಸಿದಳು. ಬಟ್ಟೆ ಅಲ್ಲಿ ನೂರು ಡಿಗ್ರಿಯ ಹತ್ತಿರವಿತ್ತು, ಎಂದರೆ ಸಡಿಲುವ ಮಿತಿಯನ್ನು ಚೆನ್ನಾಗಿಯೇ ದಾಟಿತ್ತು. ಮೇಲಿನ ಬಟ್ಟೆಯ ಭಾರಕ್ಕೆ ಅದು ನೂರಾರು ಕಡೆ ಮಡಿಚಿತ್ತು. ಬಳಿಕ ಕೋಲಿನಿಂದ ಎತ್ತಿ, ಮುದ್ದೆಯಾಗಿದ್ದಂತೆಯೇ ತಣ್ಣೀರಿಗೆ ಹಾಕಿದಳು. ಆ ಕ್ಷಣದಲ್ಲಿ ಬೀಗ ಬಿತ್ತು. ಆಮೇಲೆ ಇಸ್ತ್ರಿಗೆ ಹೊರಟಾಗ, ಕೆಂಡದ ಪೆಟ್ಟಿಗೆ ತಾಗಿದರೆ ಟೆರಿಕಾಟ್ ಕರಗಿ ತೂತಾಗುತ್ತದೆಂಬ ಭಯದಿಂದ ಮೇಲೆ ಮೇಲೆ ಸವರಿದಳು. ಸುಕ್ಕು ಕೂತದ್ದು ನೂರು ಡಿಗ್ರಿಯಲ್ಲಿ. ಇಸ್ತ್ರಿಯ ಬಿಸಿ ಬಟ್ಟೆಯೊಳಗೆ ಅದಕ್ಕಿಂತ ಮೇಲೆ ಏರದ ಹೊರತು ಅದು ಏಳುವುದಿಲ್ಲ. ಆಕೆಯ ಎಚ್ಚರಿಕೆಯೇ ಆಕೆಗೆ ಅಡ್ಡಿಯಾಯಿತು.

ನೈಲಾನಿನ ಕಥೆ ಇನ್ನೂ ಸೂಕ್ಷ್ಮ. ಅದು ತೇವವನ್ನು ಹೀರುತ್ತದೆ, ನೂರು ಗ್ರಾಮಿಗೆ ಸುಮಾರು 4 ಗ್ರಾಂ. ಒಣಗಿದ ನೈಲಾನ್ ಸಡಿಲುವುದು 50 ಡಿಗ್ರಿಯ ಸುಮಾರಿನಲ್ಲಿ. ನೀರು ಅಣುಗಳ ನಡುವೆ ನುಸುಳಿದಾಗ ಆ ಮಿತಿ ಬಹಳ ಕೆಳಗಿಳಿಯುತ್ತದೆ. ಅಮೆರಿಕದಲ್ಲಿ 1940ರಲ್ಲಿ ಮಾರಾಟಕ್ಕೆ ಬಂದ ನೈಲಾನ್ ಕಾಲುಚೀಲಗಳಿಗೆ ಕಾಲಿನಾಕಾರದ ಅಚ್ಚಿನ ಮೇಲೆ ತೊಡಿಸಿ ಹಬೆ ಹಾಯಿಸಿಯೇ ಆಕಾರ ಕೊಡುತ್ತಿದ್ದರು. ಹಬೆಯೆಂಬುದು ಬಿಸಿ ಮತ್ತು ನೀರು ಎರಡೂ ಆದುದರಿಂದ ಒಣ ಬಿಸಿಗಿಂತ ಬಹಳ ಕಡಿಮೆ ತಾಪದಲ್ಲಿ ಕೆಲಸ ಮುಗಿಯುತ್ತದೆ. ನೈಲಾನ್ ಸೀರೆಯನ್ನು ಉಬ್ಬೆ ಹಾಕಿದರೆ ಆಗುವುದೂ ಅದೇ ಕೆಲಸ, ಅಚ್ಚು ಮಾತ್ರ ಕಾಲಿನದಲ್ಲ, ಮುದ್ದೆಯದು. ನೈಲಾನಿಗೆ ಇಸ್ತ್ರಿಯ ಮಿತಿ 110 ಡಿಗ್ರಿ. ಹಬೆಯಲ್ಲಿ ಕೂತ ಸುಕ್ಕನ್ನು ಅಷ್ಟು ಒಣ ಬಿಸಿಯಿಂದ ಪೂರ್ತಿ ಎಬ್ಬಿಸಲಾಗುವುದಿಲ್ಲ. ನೈಲಾನಿನಲ್ಲಿ ಸುಕ್ಕು ಶಾಶ್ವತ ಎಂಬ ಮಾತು ಹೆಚ್ಚು ಸರಿಹೊಂದುತ್ತದೆ.

ನಂಬಿಕೆ ಬಾರದವರು ಮನೆಯಲ್ಲೇ ಪರೀಕ್ಷಿಸಬಹುದು. ಹಳೆಯ ಪಾಲಿಯೆಸ್ಟರ್ ಸೀರೆಯಿಂದ ಎರಡು ತುಂಡು ಕತ್ತರಿಸಿ, ಎರಡನ್ನೂ ಒಂದೇ ರೀತಿ ಮಡಿಸಿ ದಾರ ಕಟ್ಟಿ. ಒಂದನ್ನು ಹತ್ತು ನಿಮಿಷ ಕುದಿಸಿ, ದಾರ ಬಿಚ್ಚದೆ ತಣ್ಣೀರಿಗೆ ಹಾಕಿ. ಇನ್ನೊಂದನ್ನು ತಣ್ಣೀರಿನಲ್ಲೇ ನೆನೆಸಿ. ಎರಡೂ ಒಣಗಿದ ಮೇಲೆ ಬಿಚ್ಚಿ, ಮತ್ತೆ ತಣ್ಣೀರಿನಲ್ಲಿ ಅದ್ದಿ ನೇತುಹಾಕಿ. ತಣ್ಣೀರಿನದು ನೇರವಾಗುತ್ತದೆ, ಕುದಿಸಿದ್ದು ಮಡಿಕೆಯನ್ನು ಬಿಡುವುದಿಲ್ಲ. ಸುಕ್ಕು ಯಾವ ಬಗೆಯದೆಂದು ತಿಳಿಯುವ ಗುರುತೂ ಇದೇ: ನೆನೆಸಿ ನೇತುಹಾಕಿದರೂ ಉಳಿದರೆ ಅದು ಬಿಸಿಯಲ್ಲಿ ಕೂತ ಸುಕ್ಕು.

ಪಾಲಿಯೆಸ್ಟರಿನಲ್ಲಿ ಅದಕ್ಕೆ ಪರಿಹಾರವಿಲ್ಲವೆಂದಲ್ಲ. ಸುಕ್ಕು ಕೂತ ಬಿಸಿಗಿಂತ ಹೆಚ್ಚಿನ ಬಿಸಿ ಕೊಟ್ಟು, ನೇರವಾಗಿ ಹಿಡಿದು, ಹಾಗೆಯೇ ತಣಿಸಬೇಕು. ಮೊಮ್ಮಗನ ಪ್ಯಾಂಟಿನ ಮೇಲೆ ಒದ್ದೆ ಹತ್ತಿಬಟ್ಟೆ ಹಾಸಿ, ಇಸ್ತ್ರಿಯನ್ನು ಎರಡು ಚುಕ್ಕಿಯ ಗುರುತಿಗೆ, ಎಂದರೆ 150 ಡಿಗ್ರಿಯ ಮಿತಿಗೆ ಇಟ್ಟು, ಎಳೆಯದೆ ಒತ್ತಿ ಹಿಡಿದೆ. ಒದ್ದೆಬಟ್ಟೆ ಒಣಗುವವರೆಗೆ ಒತ್ತಿ, ಆಮೇಲೆ ಪ್ಯಾಂಟನ್ನು ಪೂರ್ತಿ ಆರುವ ತನಕ ಹಲಗೆಯ ಮೇಲಿಂದ ಎತ್ತಲಿಲ್ಲ. ಸೊಸೆ ತಪ್ಪಿದ್ದು ಇಲ್ಲಿಯೇ: ಬಿಸಿಯಾಗಿರುವಾಗಲೇ ಎತ್ತಿ ಮಡಿಸುತ್ತಿದ್ದಳು. ಮುಕ್ಕಾಲು ಪಾಲು ಸುಕ್ಕು ಹೋಯಿತು. ಮೊಣಕಾಲ ಹಿಂದಿನ ಕೆಲವು ಚೂಪಾದ ಗೆರೆಗಳು ಉಳಿದಿವೆ.

ಆದರೆ ಹೀಗಾಗದಂತೆ ನೋಡಿಕೊಳ್ಳುವುದು ಇದಕ್ಕಿಂತ ಸುಲಭ. ಇಂಥ ಬಟ್ಟೆಗೆ 40 ಡಿಗ್ರಿ ಸಾಕು, ಯಂತ್ರವನ್ನು ಅರ್ಧವಷ್ಟೇ ತುಂಬಿಸಿ. ಹೆಚ್ಚು ಬಿಸಿ ಬೇಕೇ ಬೇಕಾದರೆ ನೀರು ತಣಿಯುವವರೆಗೂ ಹಿಂಡಬೇಡಿ, ಏಕೆಂದರೆ ಬಿಸಿಯಲ್ಲಿ ರಭಸದಿಂದ ತಿರುಗಿಸಿ ಹಿಂಡುವಾಗಲೇ ಅತಿ ಗಟ್ಟಿಯಾದ ಮಡಿಕೆಗಳು ಬೀಳುವುದು. ಅಮೆರಿಕದಲ್ಲಿರುವ ನಮ್ಮ ಮಕ್ಕಳು ಬಟ್ಟೆ ಒಣಗಿಸುವ ಯಂತ್ರ ನಿಂತ ಮೇಲೆ ಬಿಸಿ ಬಟ್ಟೆಯನ್ನು ಅಲ್ಲಿಯೇ ಗುಡ್ಡೆಯಾಗಿ ಬಿಡಬಾರದು. ಅಲ್ಲಿನ ಯಂತ್ರಗಳಲ್ಲಿ ಪರ್ಮನೆಂಟ್ ಪ್ರೆಸ್ ಎಂಬ ಆಯ್ಕೆ ಕೊನೆಯಲ್ಲಿ ನಿಧಾನವಾಗಿ ತಣಿಸುವುದು ಇದೇ ಕಾರಣಕ್ಕೆ. ಇನ್ನು ಕಜ್ಜಿಯ ವಿಷಯ: ಅದರ ಹುಳು ಮನುಷ್ಯನ ಚರ್ಮ ಬಿಟ್ಟು ಸಾಮಾನ್ಯವಾಗಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕದು. ಕುದಿಸಬಾರದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಬದಿಗಿಟ್ಟರೆ ಸಾಕು. ಈ ಮಾತನ್ನು ಅಂದು ಆ ತಾಯಿಗೆ ಯಾರೂ ಹೇಳಲಿಲ್ಲ.

ನನ್ನ ಅಭಿಪ್ರಾಯ ಇಷ್ಟೆ. ಸಮವಸ್ತ್ರಕ್ಕೆ ಪಾಲಿಯೆಸ್ಟರ್ ಬೆರೆತ ಬಟ್ಟೆಯನ್ನು ಗೊತ್ತುಮಾಡುವ ಶಾಲೆಗಳು ಅದನ್ನು ಯಾವ ಬಿಸಿಯಲ್ಲಿ ಒಗೆಯಬೇಕೆಂಬುದನ್ನೂ ತಂದೆತಾಯಿಗಳಿಗೆ ಬರೆದುಕೊಡಬೇಕು. ಹತ್ತಿಯ ನಿಯಮದಿಂದ ಪಾಲಿಯೆಸ್ಟರನ್ನು ಅಳೆದು ಮಗುವನ್ನು ಕೊಳಕೆನ್ನುವುದು ಅನ್ಯಾಯ. ಆ ಲಂಗದ ಸುಕ್ಕು ಉದಾಸೀನದ ಗುರುತಾಗಿರಲಿಲ್ಲ. ಆ ಊರಿನಲ್ಲಿ ಅತ್ಯಂತ ಶ್ರದ್ಧೆಯಿಂದ ಒಗೆದ ಬಟ್ಟೆ ಬಹುಶಃ ಅದೇ ಇದ್ದಿರಬೇಕು.

ಆ ಹುಡುಗಿ ಈಗ ಐವತ್ತು ದಾಟಿದ ಗೃಹಿಣಿಯಾಗಿರಬಹುದು. ಆ ತರಗತಿಯಲ್ಲಿ ಓದಿದವರು ಕೆಲವರು ಈ ಪುಟವನ್ನು ಓದುತ್ತೀರಿ. ಆಕೆಯ ವಿಳಾಸ ಬಲ್ಲವರು ಇದನ್ನು ತಲುಪಿಸಿ. ಇಸ್ತ್ರಿಗೆ ಹೋಗದ ಸುಕ್ಕು ಇದೆ ಎಂದು ಮೇಷ್ಟ್ರು ಒಪ್ಪಿಕೊಂಡಿದ್ದಾರೆಂದು ತಿಳಿಸಿ.