ಮೊದಲು ಬಾಗಿಲು ತಟ್ಟಿದವರ ಪಾಡು

ಕೋಲ್ಕತ್ತಾದ ನಮ್ಮ ಕನ್ನಡ ಬಳಗ ಚಿಕ್ಕದು. ರಾಜ್ಯೋತ್ಸವದ ಊಟಕ್ಕೆ ಎಷ್ಟು ಎಲೆ ಹಾಕಬೇಕೆಂದು ತಿಳಿಯಲು ನಾನೊಂದು ನೋಂದಣಿ ಪುಟ ಮಾಡಿಕೊಟ್ಟಿದ್ದೆ. ಒಂದು ಬೆಳಿಗ್ಗೆ ಆರು ಗಂಟೆಗೆ ಲೇಕ್ ಗಾರ್ಡನ್ಸ್‌ನ ಹಿರಿಯ ರಾಯರೊಬ್ಬರ ಫೋನು. "ನೋಡಪ್ಪಾ, ಮೂರು ದಿನದಿಂದ ಹೆಸರು ಹಾಕ್ತಾ ಇದೀನಿ. ಸುಮ್ಮನೆ ತಿರುಗ್ತಾ ತಿರುಗ್ತಾ ಆಗಲ್ಲ ಅನ್ನುತ್ತೆ. ನನ್ನ ಫೋನೇ ಹಳೇದು ಬಿಡು, ಈ ಸಲ ಊಟಕ್ಕೆ ಬರಲ್ಲ." ನಾನು ಹಾಸಿಗೆಯಲ್ಲೇ ಪುಟ ತೆರೆದು ಒತ್ತಿ ನೋಡಿದೆ. ಕ್ಷಣದಲ್ಲಿ ಆಯಿತು. ರಾಯರ ಫೋನೇ ಸರಿಯಿಲ್ಲ ಎಂದು ನಾನೂ ನಂಬಿಬಿಟ್ಟೆ.

ತಪ್ಪು ಅವರ ಫೋನಿನದಾಗಿರಲಿಲ್ಲ, ನನ್ನದು. ಖರ್ಚು ಉಳಿಸಲು ನಾನು ಅಜೂರ್ ಎಸ್‌ಕ್ಯೂಎಲ್‌ನ ಸರ್ವರ್‌ಲೆಸ್ ಡೇಟಾಬೇಸ್ ಆರಿಸಿದ್ದೆ. ಗೊತ್ತುಪಡಿಸಿದಷ್ಟು ಹೊತ್ತು ಯಾರೂ ಬಳಸದಿದ್ದರೆ ಅದು ತಾನಾಗಿ ಮಲಗುತ್ತದೆ. ನಾನಿಟ್ಟಿದ್ದು 60 ನಿಮಿಷ. ಮಲಗಿರುವಾಗ ಸಂಗ್ರಹಕ್ಕೆ ಮಾತ್ರ ಹಣ, ಕಂಪ್ಯೂಟಿಂಗ್‌ಗೆ ಇಲ್ಲ. ದಿನಕ್ಕೆ ಹತ್ತು ಹನ್ನೆರಡು ಜನ ಬರುವ ಪುಟಕ್ಕೆ ಇದು ಹೇಳಿಮಾಡಿಸಿದಂತಿತ್ತು.

ಆದರೆ ಎದ್ದೇಳಲು ಅದಕ್ಕೆ ಸುಮಾರು ಒಂದು ನಿಮಿಷ ಬೇಕು. ಮೊದಲು ಬಂದ ಸಂಪರ್ಕ ಅದನ್ನು ಎಬ್ಬಿಸುತ್ತದೆ, ಆದರೆ ತನಗೆ ಮಾತ್ರ 40613 ಎಂಬ ದೋಷಸಂಖ್ಯೆ ಸಿಗುತ್ತದೆ: ಡೇಟಾಬೇಸ್ ಈಗ ಲಭ್ಯವಿಲ್ಲ, ಆಮೇಲೆ ಬನ್ನಿ ಎಂದರ್ಥ. ಸಂಪರ್ಕಕ್ಕೆ ನಾನು ಕೊಟ್ಟಿದ್ದ ಗಡುವು 15 ಸೆಕೆಂಡು. ಅಷ್ಟರೊಳಗೆ ಅದು ಏಳಲಾರದು. ನಮ್ಮ ಬೀದಿಯ ಚಾ ಅಂಗಡಿಯಲ್ಲಿ ಕಲ್ಲಿದ್ದಲ ಒಲೆ ಹೊತ್ತಿಸುವ ಮುಂಚೆ ಬಂದವನ ಕಥೆಯೂ ಹೀಗೆಯೇ. ರಾಯರು ಐದೂವರೆಗೆ ತಟ್ಟಿ ಎಬ್ಬಿಸಿದರು, ಬಾಗಿಲು ತೆರೆದದ್ದು ಆರು ಗಂಟೆಗೆ ಬಂದ ನನಗೆ!

ಲಾಗ್ ತೆಗೆದು ನೋಡಿದಾಗ ಗುಟ್ಟು ಬಯಲಾಯಿತು. ಸೋತ ಪ್ರತಿ ಕೋರಿಕೆಯ ಹಿಂದೆಯೂ ಒಂದು ಗಂಟೆಗೂ ಮೀರಿದ ಮೌನವಿತ್ತು. ಡೇಟಾಬೇಸನ್ನು ಎಬ್ಬಿಸದೆ ಅದರ ಸ್ಥಿತಿ ನೋಡಲು ಈ ಆಜ್ಞೆ ಸಾಕು. ಮಲಗಿದ್ದರೆ `Paused`, ಎದ್ದಿದ್ದರೆ `Online` ಎನ್ನುತ್ತದೆ:

```
az sql db show -g balaga-rg -s balaga-srv -n oota --query status -o tsv
```

ನಡುವೆ ಒಂದು ರಾತ್ರಿಯಿಡೀ ಅದು ಮಲಗಲೇ ಇಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಕ್ವೆರಿ ಕಿಟಕಿಯೊಂದು ತೆರೆದೇ ಉಳಿದಿತ್ತು. ಒಂದು ಸೆಷನ್ ಬಾಕಿಯಿದ್ದರೂ ಅದು ಮಲಗುವುದಿಲ್ಲ. ಪರೀಕ್ಷೆ ಮಾಡುವಾಗ ದೋಷ ನನ್ನ ಕಣ್ಣಿಗೆ ಬೀಳದಿರಲು ಕಾರಣ ಇದೇ: ನಾನು ಕೆಲಸ ಮಾಡುತ್ತಿರುವಷ್ಟು ಹೊತ್ತು ಅದು ಎಚ್ಚರವಾಗಿಯೇ ಇರುತ್ತಿತ್ತು.

ಐದೈದು ನಿಮಿಷಕ್ಕೊಮ್ಮೆ ಯಾವುದಾದರೂ ಪ್ರೋಗ್ರಾಮಿನಿಂದ ತಟ್ಟಿಸುತ್ತಿರಿ ಎಂದು ಗೆಳೆಯರೊಬ್ಬರು ಹೇಳಿದರು. ಹಾಗೆ ಮಾಡಿದರೆ ಅದು ಎಂದೂ ಮಲಗದು, ಇಡೀ ದಿನದ ಕನಿಷ್ಠ ಕಂಪ್ಯೂಟಿಂಗ್ ಬಿಲ್ಲು ಬರುತ್ತದೆ. ಅದಕ್ಕಿಂತ ಮಲಗುವ ಏರ್ಪಾಡನ್ನೇ ತೆಗೆದುಹಾಕುವುದು ನೇರ ದಾರಿ. ಆಸ್ಪತ್ರೆಯ ಟೋಕನ್ನಿನಂಥ, ತಡವಾಗಲೇಬಾರದ ಕೆಲಸವಾದರೆ ನಾನೂ ಅದನ್ನೇ ಮಾಡುತ್ತಿದ್ದೆ.

ನಮ್ಮ ಊಟದ ಪಟ್ಟಿಗೆ ಎರಡು ಬದಲಾವಣೆ ಸಾಕಾಯಿತು. ಪುಟ ತೆರೆದುಕೊಳ್ಳಲು ಈಗ ಡೇಟಾಬೇಸ್ ಬೇಕಿಲ್ಲ, ಆದರೆ ತೆರೆದ ಕೂಡಲೇ ಹಿನ್ನೆಲೆಯಲ್ಲಿ ಒಂದು ಸಂಪರ್ಕ ಹೋಗಿ ಬಾಗಿಲು ತಟ್ಟುತ್ತದೆ. ಅದು ಸೋತರೂ ಚಿಂತೆಯಿಲ್ಲ, ತಟ್ಟಿದ್ದೇ ಸಾಕು. ಹೆಸರು, ಫೋನ್ ಸಂಖ್ಯೆ, ಎಷ್ಟು ಜನ ಎಂದು ತುಂಬಿಸುವಷ್ಟರಲ್ಲಿ ಅದು ಬಹುತೇಕ ಎದ್ದಿರುತ್ತದೆ. ಬೇಗ ಬರೆದು ಮುಗಿಸಿದವರಿಗಾಗಿ ಸಂಪರ್ಕದ ಸಾಲಿನಲ್ಲಿ ಗಡುವು ಹೆಚ್ಚಿಸಿದೆ:

```
Connect Timeout=90;ConnectRetryCount=8;ConnectRetryInterval=10;
```

ಹತ್ತು ಸೆಕೆಂಡಿಗೊಮ್ಮೆ, ಎಂಟು ಸಲ ಮತ್ತೆ ಪ್ರಯತ್ನ. ಅಷ್ಟು ಹೊತ್ತು ಪರದೆಯ ಮೇಲೆ "ಒಂದು ನಿಮಿಷ ತಾಳಿ, ನಿಮ್ಮ ಹೆಸರು ಬರೆದುಕೊಳ್ಳುತ್ತಿದ್ದೇವೆ" ಎಂಬ ಸಾಲಿರುತ್ತದೆ. ಒಂದು ಎಚ್ಚರಿಕೆ: ಹೀಗೆ ಮರಳಿ ಪ್ರಯತ್ನಿಸುವುದು ಸಂಪರ್ಕ ತೆರೆಯುವುದಕ್ಕೆ ಮಾತ್ರ. ಹೆಸರು ಬರೆಯುವ ಆಜ್ಞೆಯನ್ನು ಕಣ್ಣುಮುಚ್ಚಿ ಮತ್ತೆ ಕಳಿಸಿದರೆ ಒಬ್ಬರಿಗೇ ಎರಡು ಎಲೆ ಬಿದ್ದೀತು.

ಸರಿಯಾಯಿತೇ ಎಂದು ತಿಳಿಯಲು ಪರದೆಯಲ್ಲಿ `Paused` ಕಾಣುವವರೆಗೆ ಕಾದು, ಆಮೇಲೆ ಪುಟ ತೆರೆದೆ. ಐವತ್ತು ಸೆಕೆಂಡಾಯಿತು, ಹೆಸರು ಸೇರಿತು. ಮರುದಿನ ಐದೂವರೆಗೆ ರಾಯರಿಗೆ ನಾನೇ ಫೋನು ಮಾಡಿ, ಫೋನು ಸರಿಯಾಗಿಯೇ ಇದೆ, ಇನ್ನೊಮ್ಮೆ ಹೆಸರು ಹಾಕಿ ಎಂದೆ. ಪಟ್ಟಿಯಲ್ಲಿ ಅವರ ಮನೆಯ ನಾಲ್ಕು ಎಲೆ ಸೇರಿಕೊಂಡವು.