ಬೈಪಾಸ್‌ಗೆ ಮುಂಚಿನ ಪತ್ರ ಯಾರ ಹೆಸರಿಗೆ?

ಭಾರತದ ಮೊದಲ ಬೈಪಾಸ್ ಶಸ್ತ್ರಚಿಕಿತ್ಸೆ ನಡೆದದ್ದು 1975ರಲ್ಲಿ, ಚೆನ್ನೈನ ಪೆರಂಬೂರಿನ ರೈಲ್ವೆ ಆಸ್ಪತ್ರೆಯಲ್ಲಿ. ಮಾಡಿದವರು ಡಾ. ಕೆ.ಎಂ. ಚೆರಿಯನ್. ಅಲ್ಲಿಂದೀಚೆಗೆ ಆ ಊರಿನ ಶಸ್ತ್ರಚಿಕಿತ್ಸಕರ ಕೈ ಚೆನ್ನಾಗಿ ಪಳಗಿದೆ. ಮಕ್ಕಳು ಅಲ್ಲಿ ಕೆಲಸದಲ್ಲಿದ್ದಾರೆಂದೋ ಯಾರೋ ಹೇಳಿದರೆಂದೋ ನಮ್ಮ ಕಡೆಯವರೂ ಅಲ್ಲಿಗೆ ಹೋಗುತ್ತಾರೆ. ಆದರೆ ಆಪರೇಷನ್‌ಗೆ ಮುಂಚೆ ರೋಗಿಯ ಜೊತೆ ಆಡಬೇಕಾದ ಮಾತು, ಚೆನ್ನೈ ಇರಲಿ ಬೆಂಗಳೂರಿರಲಿ, ಇನ್ನೂ ಹಳೆಯ ಜಾಗದಲ್ಲೇ ನಿಂತಿದೆ. ಹಿಂದಿನ ಸಂಜೆ ಇಂಗ್ಲಿಷಿನಲ್ಲಿ ಅಚ್ಚಾದ ನಾಲ್ಕು ಹಾಳೆ ಬರುತ್ತವೆ. ಮಗ ಓದದೆ ಸಹಿ ಹಾಕುತ್ತಾನೆ. ಮಂಚದ ಮೇಲಿರುವ ಅಪ್ಪನಿಗೆ ‘ಚಿಕ್ಕ ಆಪರೇಷನ್’ ಎಂದು ಹೇಳಲಾಗುತ್ತದೆ.

ಇದು ಒಪ್ಪಿಗೆಯಲ್ಲ. ಶಸ್ತ್ರಚಿಕಿತ್ಸಕರು ರೋಗಿಗೆ, ಅವರ ಭಾಷೆಯಲ್ಲಿ, ಅವರ ಹೆಸರಿಗೇ ಒಂದು ಪತ್ರ ಬರೆಯಬೇಕು. ಮನೆಯವರಿಗೆ ಅದರ ಪ್ರತಿ ಸಿಗಲಿ. ಬ್ರಿಟನ್ನಿನಲ್ಲಿ ವೈದ್ಯರು ಪತ್ರವನ್ನು ರೋಗಿಗೇ ನೇರವಾಗಿ ಬರೆಯಬೇಕೆಂದು ಅಲ್ಲಿನ ವೈದ್ಯಕೀಯ ಕಾಲೇಜುಗಳ ಒಕ್ಕೂಟ 2018ರಲ್ಲೇ ಮಾರ್ಗಸೂಚಿ ಹೊರಡಿಸಿತು. ನಮ್ಮಲ್ಲಿ ಈ ಮಾತೆತ್ತಿದರೆ ಮೂರು ಆಕ್ಷೇಪ ಏಳುತ್ತವೆ: ಸಮಯವಿಲ್ಲ, ರೋಗಿ ಹೆದರುತ್ತಾನೆ, ಕಾನೂನು ಇಷ್ಟೆಲ್ಲ ಕೇಳುವುದಿಲ್ಲ.

ಸಮಯ ಇದೆ. ಎಡಭಾಗದ ಮುಖ್ಯ ರಕ್ತನಾಳ ಮುಚ್ಚುವ ಹಂತದಲ್ಲಿದ್ದು ಎದೆನೋವು ನಿಲ್ಲದೆ ಬರುತ್ತಿದ್ದರೆ ಮಾತು ಬೇರೆ. ಉಳಿದ ಬಹುತೇಕರು ಕ್ಲೋಪಿಡೋಗ್ರೆಲ್ ಮಾತ್ರೆ ತೆಗೆದುಕೊಳ್ಳುತ್ತಿರುತ್ತಾರೆ. ಅದನ್ನು ನಿಲ್ಲಿಸಿ ಸುಮಾರು ಐದು ದಿನ ಕಾಯದೆ ಎದೆ ತೆರೆದರೆ ರಕ್ತಸ್ರಾವ ಹೆಚ್ಚು. ಆ ಐದು ದಿನ ರಕ್ತಕ್ಕಾಗಿ ಕಾಯುತ್ತೇವೆ. ಪತ್ರ ಓದಿ, ಮನೆಯಲ್ಲಿ ಕೂತು ಮಾತಾಡಿ, ಬೇರೊಬ್ಬ ವೈದ್ಯರನ್ನು ಕೇಳುವುದಕ್ಕೂ ಅದೇ ಐದು ದಿನ ಸಾಕು.

ಆ ಪತ್ರದಲ್ಲಿ ಏನಿರಬೇಕು? ಹಾಸನದ ಕಡೆಯ ಒಬ್ಬ ನಿವೃತ್ತ ಮೇಷ್ಟ್ರನ್ನು ಕಲ್ಪಿಸಿಕೊಳ್ಳಿ. ವಯಸ್ಸು 64, ಹದಿನೈದು ವರ್ಷದ ಸಕ್ಕರೆ ಕಾಯಿಲೆ, ಆಂಜಿಯೋಗ್ರಾಂನಲ್ಲಿ ಮೂರೂ ರಕ್ತನಾಳಗಳಲ್ಲಿ ತಡೆ, ಹೃದಯದ ಪಂಪಿಂಗ್ ಶೇ 40, ಕ್ರಿಯಾಟಿನಿನ್ 1.6. ಮಗ ಚೆನ್ನೈಯಲ್ಲಿದ್ದಾನೆ. ‘ಸ್ಟೆಂಟ್ ಹಾಕಿದರೆ ಸಾಲದೇ?’ ಎನ್ನುವುದು ಅವರು ಕೇಳುವ ಮೊದಲ ಪ್ರಶ್ನೆ. ಪತ್ರ ಅಲ್ಲಿಂದಲೇ ಶುರುವಾಗಬೇಕು. ಸಕ್ಕರೆ ಕಾಯಿಲೆಯಿದ್ದು ಹಲವು ನಾಳಗಳಲ್ಲಿ ತಡೆಯಿದ್ದವರ ಮೇಲೆ ನಡೆದ ಫ್ರೀಡಂ ಎಂಬ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಐದು ವರ್ಷದಲ್ಲಿ ಸ್ಟೆಂಟ್ ಗುಂಪಿನಲ್ಲಿ ನೂರಕ್ಕೆ ಸುಮಾರು 16 ಮಂದಿ, ಬೈಪಾಸ್ ಗುಂಪಿನಲ್ಲಿ ಸುಮಾರು 11 ಮಂದಿ ತೀರಿಕೊಂಡಿದ್ದರು. ಆದರೆ ಪಾರ್ಶ್ವವಾಯು ಬೈಪಾಸ್‌ನವರಲ್ಲೇ ಹೆಚ್ಚು, ನೂರಕ್ಕೆ ಸುಮಾರು ಐದು. ಸ್ಟೆಂಟ್‌ನವರಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ಬದುಕುವ ಅವಕಾಶ ಹೆಚ್ಚಿಸಿಕೊಳ್ಳಲು ಪಾರ್ಶ್ವವಾಯುವಿನ ಅಪಾಯ ಮೈಮೇಲೆ ಎಳೆದುಕೊಳ್ಳಬೇಕೇ ಎಂಬ ತೀರ್ಮಾನ ಮೇಷ್ಟ್ರದ್ದು, ಮಗನದ್ದಲ್ಲ.

ಆಮೇಲೆ ಅವರ ಅಪಾಯ. ‘ಶೇ 98 ಯಶಸ್ಸು’ ಎಂಬ ಫಲಕದ ಮಾತನ್ನು ನಾನು ಒಪ್ಪುವುದಿಲ್ಲ. ಅದು ಎಲ್ಲರನ್ನೂ ಸೇರಿಸಿದ ಸರಾಸರಿ. ಯೂರೋಸ್ಕೋರ್ ಎಂಬ ಲೆಕ್ಕದ ವಿಧಾನಕ್ಕೆ ವಯಸ್ಸು, ಕಿಡ್ನಿ, ಪಂಪಿಂಗ್, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಬೇಕೇ ಎಂಬ ವಿವರ ಎಲ್ಲವನ್ನೂ ಕೊಟ್ಟು ಆ ಒಬ್ಬ ರೋಗಿಯ ಅಂದಾಜು ತೆಗೆಯಬಹುದು. ಮೇಷ್ಟ್ರ ವಿಷಯದಲ್ಲಿ ಅದು ಸರಾಸರಿಗಿಂತ ಹೆಚ್ಚೇ ಬರುತ್ತದೆ, ಕಿಡ್ನಿಯ ಕಾರಣಕ್ಕೆ ಕೆಲ ದಿನ ಡಯಾಲಿಸಿಸ್ ಬೇಕಾಗುವ ಸಾಧ್ಯತೆಯೂ ಹೆಚ್ಚು. ಸಕ್ಕರೆ ಹಿಡಿತದಲ್ಲಿಲ್ಲದಿದ್ದರೆ ಎದೆಮೂಳೆಯ ಗಾಯಕ್ಕೆ ಸೋಂಕು ತಗಲಬಹುದು. ಈ ಸಾಲುಗಳನ್ನು ಬರೆಯದ ಪತ್ರ ಅವರಿಗೆ ಬರೆದ ಪತ್ರವಲ್ಲ.

ಹೆದರಿಕೆಯ ಆಕ್ಷೇಪ ಪ್ರೀತಿಯಿಂದ ಬಂದದ್ದು, ಅದು ನನಗೆ ಗೊತ್ತು. ಆದರೆ ಏನೂ ತಿಳಿಯದ ರೋಗಿಗೆ ಐಸಿಯುನಲ್ಲಿ ಏನಾಗುತ್ತದೆ ನೋಡಿ. ಎಚ್ಚರವಾದಾಗ ಗಂಟಲಲ್ಲಿ ವೆಂಟಿಲೇಟರ್ ಕೊಳವೆ, ಮಾತು ಹೊರಡದು, ಎದೆಯಿಂದ ರಕ್ತ ಹೊರಹೋಗುವ ಕೊಳವೆಗಳು, ಕೊಳವೆ ಕಿತ್ತುಕೊಳ್ಳಬಾರದೆಂದು ಕೆಲವೊಮ್ಮೆ ಕೈಗೆ ಕಟ್ಟು. ಇವೆಲ್ಲ ಎಂದಿನ ಕ್ರಮ, ಕೊಳವೆಯನ್ನು ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ತೆಗೆಯುತ್ತಾರೆ ಎಂದು ಮೊದಲೇ ಓದಿದವರು ಸಹಿಸಿಕೊಳ್ಳುತ್ತಾರೆ. ಓದದವರು ತಾನು ಸಾಯುತ್ತಿದ್ದೇನೆಂದು ತಿಳಿಯುತ್ತಾರೆ. ಎರಡನೆಯ, ಮೂರನೆಯ ದಿನದ ಹೊತ್ತಿಗೆ ಮೂರು–ನಾಲ್ಕು ಜನರಲ್ಲಿ ಒಬ್ಬರ ಹೃದಯ ಲಯ ತಪ್ಪಿ ಬಡಿಯತೊಡಗುತ್ತದೆ. ಹೆಚ್ಚಿನವರಲ್ಲಿ ಔಷಧಿಯಿಂದ ಸರಿಹೋಗುತ್ತದೆ. ಮುಂಚೆ ಹೇಳಿಲ್ಲದಿದ್ದರೆ ಕುಟುಂಬಕ್ಕೆ ಅದು ಆಪರೇಷನ್ ಕೆಟ್ಟಿತೆಂಬ ಸುದ್ದಿ. ವಾರ್ಡಿನ ಬಾಗಿಲಲ್ಲಿ ಜಗಳ ಹುಟ್ಟುವುದು ಬಹಳ ಸಲ ಇಲ್ಲೇ. ವಯಸ್ಸಾದವರು ಒಂದೆರಡು ರಾತ್ರಿ ಗೊಂದಲಕ್ಕೆ ಬಿದ್ದು ಹೆಂಡತಿಯನ್ನೇ ಗುರುತಿಸದೆ ಇರಬಹುದು. ಅದೂ ಪತ್ರದಲ್ಲಿದ್ದರೆ ಆ ತಾಯಿ ಧೈರ್ಯದಿಂದ ಪಕ್ಕದಲ್ಲಿ ಕೂರುತ್ತಾರೆ.

ಕಾನೂನಿನ ಮಾತು. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರ ಜನವರಿಯಲ್ಲಿ ಕೊಟ್ಟ ತೀರ್ಪನ್ನು ಕೆಲವು ವೈದ್ಯರು ಅಡ್ಡ ಹಿಡಿಯುತ್ತಾರೆ. ತೀರಾ ದೂರದ, ಬರಿಯ ಸಿದ್ಧಾಂತದ ಅಪಾಯಗಳನ್ನು ಹೇಳಿ ರೋಗಿಯನ್ನು ಬೆದರಿಸಬೇಕಿಲ್ಲ ಎಂದು ಕೋರ್ಟ್ ಹೇಳಿದ್ದು ನಿಜ. ಆದರೆ ಅದೇ ತೀರ್ಪು ಗಣನೀಯ ಅಪಾಯ, ಬೇರೆ ಚಿಕಿತ್ಸೆಗಳು, ಚಿಕಿತ್ಸೆ ಬೇಡವೆಂದರೆ ಆಗುವ ಪರಿಣಾಮ ಇಷ್ಟನ್ನೂ ಹೇಳಲೇಬೇಕೆಂದಿದೆ. ಆ ಪ್ರಕರಣದಲ್ಲಿ ಅರಿವಳಿಕೆಯಲ್ಲಿದ್ದ ವಯಸ್ಕ ಮಗಳ ಪರವಾಗಿ ತಾಯಿ ಕೊಟ್ಟ ಒಪ್ಪಿಗೆ ಸಲ್ಲದು ಎಂದಿದ್ದೂ ಅದೇ ಕೋರ್ಟ್. ನೂರಕ್ಕೆ ಎರಡು ಮೂರು ಸಾವು, ನಾಲ್ವರಲ್ಲಿ ಒಬ್ಬರಿಗೆ ಲಯ ತಪ್ಪುವಿಕೆ ದೂರದ ಅಪಾಯವೇ? ಎಚ್ಚರದಲ್ಲಿ ಕೂತು ಪತ್ರಿಕೆ ಓದುತ್ತಿರುವ ಮೇಷ್ಟ್ರ ಬದಲು ಮಗನ ಸಹಿ ಯಾವ ನ್ಯಾಯ?

ಪತ್ರ ಆಸ್ಪತ್ರೆಯ ಬಾಗಿಲಲ್ಲಿ ಮುಗಿಯಬಾರದು. ತೊಡಕಿಲ್ಲದಿದ್ದರೆ ಎರಡು ಮೂರು ದಿನದ ಐಸಿಯು ಸೇರಿ ಒಟ್ಟು ಒಂದು ವಾರದ ಆಸುಪಾಸಿನಲ್ಲಿ ಡಿಸ್ಚಾರ್ಜ್. ಕತ್ತರಿಸಿ ತಂತಿಯಿಂದ ಬಿಗಿದ ಎದೆಮೂಳೆ ಕೂಡಲು ಆರರಿಂದ ಹನ್ನೆರಡು ವಾರ ಬೇಕು. ಅಲ್ಲಿಯವರೆಗೆ ತುಂಬಿದ ಕೊಡ ಎತ್ತುವಂತಿಲ್ಲ, ಸ್ಕೂಟರ್ ಬೇಡ. ಕೆಮ್ಮು ಬಂದರೆ ದಿಂಬನ್ನು ಎದೆಗವಚಿಕೊಳ್ಳಬೇಕು. ರಕ್ತನಾಳ ತೆಗೆದ ಕಾಲು ಊದುತ್ತದೆ, ಎಡ ಎದೆ ತಿಂಗಳುಗಟ್ಟಲೆ ಮರಗಟ್ಟಿದಂತಿರುತ್ತದೆ, ಊಟ ರುಚಿಸದು, ಕಾರಣವಿಲ್ಲದೆ ಅಳು ಬರುತ್ತದೆ. ಇವು ಸಹಜ. ಆದರೆ ಜ್ವರ, ಗಾಯದಿಂದ ಕೀವು, ತಿರುಗಿದಾಗ ಮೂಳೆ ‘ಕಟ್’ ಎನ್ನುವುದು, ಮಲಗಿದರೆ ಉಸಿರು ಕಟ್ಟುವುದು, ಎರಡು ಮೂರು ದಿನದಲ್ಲಿ ಎರಡು ಕಿಲೋ ತೂಕ ಏರುವುದು ಸಹಜವಲ್ಲ. ಇನ್ನೊಂದು ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಎದೆಯ ಅಪಧಮನಿಯಿಂದ ಮಾಡಿದ ಜೋಡಣೆ ಹತ್ತು ವರ್ಷದ ನಂತರವೂ ಹೆಚ್ಚಿನವರಲ್ಲಿ ತೆರೆದಿರುತ್ತದೆ, ಕಾಲಿನ ಅಭಿಧಮನಿಯಿಂದ ಮಾಡಿದವುಗಳಲ್ಲಿ ಅಷ್ಟರಲ್ಲಿ ಅರ್ಧದಷ್ಟು ಮುಚ್ಚಬಹುದು. ಮಾತ್ರೆ ಜೀವನಪೂರ್ತಿ ಏಕೆಂದು ಇದು ತಿಳಿದವರಿಗೆ ಮತ್ತೆ ಮತ್ತೆ ಹೇಳಬೇಕಿಲ್ಲ.

ಮೇಷ್ಟ್ರು ಕೆಲ ವಾರಗಳಲ್ಲಿ ಹಾಸನಕ್ಕೆ ವಾಪಸಾಗುತ್ತಾರೆ. ಭಾನುವಾರ ರಾತ್ರಿ ಅಲ್ಲಿ ಗಾಯದಿಂದ ನೀರು ಒಸರಿದರೆ ಚೆನ್ನೈಯಲ್ಲಿ ಯಾರು ಫೋನ್ ಎತ್ತುತ್ತಾರೆ, ಹಾಸನದಲ್ಲಿ ಯಾವ ವೈದ್ಯರ ಕೈಗೆ ಆಪರೇಷನ್ ವಿವರ ಸೇರಿದೆ ಎಂಬುದು ಪತ್ರದಲ್ಲಿ ಹೆಸರು, ನಂಬರು ಸಹಿತ ಇರಬೇಕು. ಅದಿಲ್ಲದಿದ್ದರೆ ಸಹಿ ಹಾಕುವ ಮುನ್ನ ಮೇಷ್ಟ್ರು ಅದನ್ನು ಬರೆಸಿಕೊಳ್ಳಲಿ.